ಸೂತ್ರದಲ್ಲಿ ಕಾಣದ ದ್ರವ್ಯರಾಶಿ, ಸೂತ್ರದಲ್ಲಿ ಕಾಣದ ವೋಲ್ಟೇಜು

ಪ್ರಶ್ನೆ: ನಾನು ದ್ವಿತೀಯ ಪಿಯುಸಿಗೆ ಭೌತಶಾಸ್ತ್ರ ಪಾಠ ಮಾಡುತ್ತೇನೆ. ವೆಲಾಸಿಟಿ ಸೆಲೆಕ್ಟರ್‌ನ v = E/B ಸೂತ್ರದಲ್ಲಿ ಕಣದ ದ್ರವ್ಯರಾಶಿ ಇಲ್ಲ. ಸೈಕ್ಲೋಟ್ರಾನ್‌ನ K = q²B²R²/2m ಸೂತ್ರದಲ್ಲಿ ಡೀಗಳಿಗೆ ಕೊಡುವ ವೋಲ್ಟೇಜು ಇಲ್ಲ. ಹಾಗಾದರೆ ಮೊದಲನೆಯದು ಎಲ್ಲ ಕಣಗಳನ್ನೂ ಒಂದೇ ಬಗೆಯಲ್ಲಿ ಸೋಸುತ್ತದೆಯೇ? ಎರಡನೆಯದಕ್ಕೆ ನೂರೇ ವೋಲ್ಟ್ ಕೊಟ್ಟರೂ ಅದೇ ಶಕ್ತಿ ಬರುತ್ತದೆಯೇ? ವಿದ್ಯಾರ್ಥಿನಿಯೊಬ್ಬಳು ಹೀಗೆ ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ಎರಡಕ್ಕೂ ಉತ್ತರ ‘ಇಲ್ಲ’ ಎಂದೇ. ಆದರೆ ಕಾರಣಗಳು ಬೇರೆ ಬೇರೆ.

ಮೊದಲು ವೆಲಾಸಿಟಿ ಸೆಲೆಕ್ಟರನ್ನು ಅಂಕಿಗಳೊಡನೆ ನೋಡೋಣ. 5 ಮಿಲಿಮೀಟರ್ ಅಂತರದ ಎರಡು ತಟ್ಟೆಗಳ ನಡುವೆ 500 ವೋಲ್ಟ್ ಇದ್ದರೆ ವಿದ್ಯುತ್ ಕ್ಷೇತ್ರ ಮೀಟರಿಗೆ ಒಂದು ಲಕ್ಷ ವೋಲ್ಟ್ ಆಗುತ್ತದೆ. ಅದಕ್ಕೆ ಲಂಬವಾಗಿ 0.05 ಟೆಸ್ಲಾ ಕಾಂತಕ್ಷೇತ್ರವಿದ್ದರೆ, ಸೆಕೆಂಡಿಗೆ 20 ಲಕ್ಷ ಮೀಟರ್ ವೇಗದ ಕಣದ ಮೇಲೆ ಎರಡು ಬಲಗಳೂ ಸಮನಾಗಿ ಎದುರುಬದುರಾಗಿ ನಿಲ್ಲುತ್ತವೆ, ಕಣ ನೇರವಾಗಿ ಸಾಗುತ್ತದೆ. ಅದು ಪ್ರೋಟಾನ್ ಆಗಿರಲಿ, ಆರ್ಗಾನ್ ಅಯಾನೇ ಆಗಿರಲಿ, ಈ ಮಾತು ನಿಜ. ಸೂತ್ರ ಹೇಳುವುದು ಇಷ್ಟನ್ನೇ: ಯಾವ ವೇಗದ ಕಣ ಬಾಗುವುದಿಲ್ಲ ಎಂಬುದನ್ನು. ಉಳಿದ ವೇಗದ ಕಣಗಳು ಎಷ್ಟು ಬಾಗುತ್ತವೆ ಎಂಬುದನ್ನು ಅದು ಹೇಳುವುದಿಲ್ಲ, ಸೋಸುವ ಕೆಲಸವಿರುವುದು ಅಲ್ಲಿಯೇ.

ಈಗ ಶೇಕಡ 1ರಷ್ಟು ಹೆಚ್ಚು ವೇಗದ ಪ್ರೋಟಾನೊಂದು ಬಂದಿತೆನ್ನಿ. ಕಾಂತಬಲ ವೇಗಕ್ಕೆ ತಕ್ಕಂತೆ ಹೆಚ್ಚುವುದರಿಂದ ಅದರ ಕೈ ಮೇಲಾಗುತ್ತದೆ, ಆದರೆ ಮೇಲಾಗುವುದು ಕೂದಲೆಳೆಯಷ್ಟು. ತಟ್ಟೆಗಳ ಉದ್ದ 10 ಸೆಂಟಿಮೀಟರ್ ಇದ್ದರೆ, ಅವುಗಳನ್ನು ದಾಟುವಷ್ಟರಲ್ಲಿ ಈ ಪ್ರೋಟಾನ್ ಪಕ್ಕಕ್ಕೆ ಸರಿಯುವುದು ಸುಮಾರು 0.12 ಮಿಲಿಮೀಟರ್ ಮಾತ್ರ. ಹೊರಗಿನ ಸೀಳುಗಂಡಿಯ ಅಗಲ ಅರ್ಧ ಮಿಲಿಮೀಟರ್ ಆಗಿದ್ದರೆ ಅದು ತಡೆಯಿಲ್ಲದೆ ಹೊರಬರುತ್ತದೆ. ಅಂದರೆ ಈ ಉಪಕರಣ ಪ್ರೋಟಾನುಗಳನ್ನು ಸುಮಾರು ಶೇಕಡ 2ರ ನಿಖರತೆಯಲ್ಲಿ ಸೋಸುತ್ತದೆ. ಪ್ರೋಟಾನಿನ ಜಾಗದಲ್ಲಿ ಒಂದೇ ಆವೇಶದ, 40 ಪಟ್ಟು ಭಾರದ ಆರ್ಗಾನ್ ಅಯಾನು ಬಂದರೆ ಅದೇ ಹೆಚ್ಚುವರಿ ಬಲಕ್ಕೆ ಅದು ಸರಿಯುವುದು ನಲವತ್ತರಲ್ಲಿ ಒಂದು ಪಾಲು. ಲೆಕ್ಕ ಹಾಕಿದರೆ, ಶೇಕಡ 50ರಷ್ಟು ಹೆಚ್ಚು ವೇಗದ ಆರ್ಗಾನ್ ಅಯಾನು ಕೂಡ ಇದೇ ಗಂಡಿಯಲ್ಲಿ ಸಲೀಸಾಗಿ ಹಾಯ್ದುಹೋಗುತ್ತದೆ. ಜರಡಿಯ ನಡುಬಿಂದುವನ್ನು ದ್ರವ್ಯರಾಶಿ ಬದಲಿಸುವುದಿಲ್ಲ, ಜರಡಿಯ ಕಣ್ಣನ್ನು ಮಾತ್ರ ಬಹಳ ದೊಡ್ಡದಾಗಿಸುತ್ತದೆ.

ಪ್ರಯೋಗಶಾಲೆಯಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಕಾಂತಕ್ಷೇತ್ರವನ್ನು ಹಾಗೆಯೇ ಇರಿಸಿ, ತಟ್ಟೆಗಳ ವೋಲ್ಟೇಜನ್ನು ನಿಧಾನವಾಗಿ ಏರಿಸುತ್ತ ಗಂಡಿಯಾಚೆ ತಲುಪುವ ಪ್ರವಾಹವನ್ನು ಅಳೆದರೆ, ಏಕವೇಗದ ಹಗುರ ಅಯಾನುಗಳಿಗೆ ಚೂಪಾದ ಶಿಖರ, ಭಾರದವುಗಳಿಗೆ ದಿಬ್ಬದಂತಹ ಅಗಲವಾದ ಗುರುತು ಸಿಗುತ್ತದೆ. ಇದಕ್ಕೆ ಪರಿಹಾರ ತಟ್ಟೆಗಳ ಉದ್ದವನ್ನು ಹೆಚ್ಚಿಸುವುದು. ಉದ್ದ ಇಮ್ಮಡಿಯಾದರೆ ಸರಿತ ನಾಲ್ಕು ಪಟ್ಟಾಗುತ್ತದೆ. ಎರಡೂ ಕ್ಷೇತ್ರಗಳನ್ನು ಒಂದೇ ಪ್ರಮಾಣದಲ್ಲಿ ಏರಿಸುವುದೂ ಒಂದು ದಾರಿ, ಆದರೆ ತಟ್ಟೆಗಳ ನಡುವೆ ಕಿಡಿ ಹಾರತೊಡಗಿದಲ್ಲಿಗೆ ಅದು ನಿಲ್ಲುತ್ತದೆ.

ಇನ್ನು ಸೈಕ್ಲೋಟ್ರಾನ್. ಇಲ್ಲಿ ಎರಡು ಕ್ಷೇತ್ರಗಳು ಒಂದನ್ನೊಂದು ತಡೆಯುವುದಿಲ್ಲ, ಕೆಲಸ ಹಂಚಿಕೊಳ್ಳುತ್ತವೆ. ಶಕ್ತಿ ಕೊಡುವುದು ಡೀಗಳ ನಡುವಿನ ಸಂದಿಯ ವಿದ್ಯುತ್ ಕ್ಷೇತ್ರ. ಕಾಂತಬಲ ಸದಾ ಚಲನೆಗೆ ಲಂಬವಾಗಿರುವುದರಿಂದ ಒಂದಿಷ್ಟೂ ಶಕ್ತಿ ಕೊಡದೆ, ಕಣವನ್ನು ತಿರುಗಿಸಿ ಮತ್ತೆ ಸಂದಿಗೆ ತಂದು ನಿಲ್ಲಿಸುತ್ತದೆ. ಅಂಚಿನ ತ್ರಿಜ್ಯದಲ್ಲಿ ಕಣ ಸುತ್ತಬೇಕಾದರೆ ಅದಕ್ಕೆ ಎಷ್ಟು ಶಕ್ತಿ ಇರಬೇಕು ಎಂಬುದನ್ನು ನಿಮ್ಮ ಸೂತ್ರ ಹೇಳುತ್ತದೆ. ಕಣ ಆ ಅಂಚನ್ನು ಮುಟ್ಟುತ್ತದೆಯೇ ಎಂಬ ವಿಷಯದಲ್ಲಿ ಅದು ಮೌನ.

1 ಟೆಸ್ಲಾ ಕ್ಷೇತ್ರ, ಅರ್ಧ ಮೀಟರ್ ತ್ರಿಜ್ಯದ ಯಂತ್ರವನ್ನು ತೆಗೆದುಕೊಳ್ಳಿ. ಅಂಚಿನಲ್ಲಿ ಪ್ರೋಟಾನಿನ ಶಕ್ತಿ ಸುಮಾರು 12 ಮೆಗಾಎಲೆಕ್ಟ್ರಾನ್‌ವೋಲ್ಟ್, ಸುತ್ತುವ ಆವೃತ್ತಿ 15.25 ಮೆಗಾಹರ್ಟ್ಸ್. ಸಂದಿಯಲ್ಲಿ 50 ಕಿಲೋವೋಲ್ಟ್ ಇದ್ದು, ಪ್ರತಿ ದಾಟುವಿಕೆಯಲ್ಲೂ ಅದು ಪೂರ್ತಿ ಸಿಕ್ಕಿತೆಂದರೆ 120 ಸುತ್ತು ಸಾಕು. 5 ಕಿಲೋವೋಲ್ಟ್ ಆದರೆ 1200 ಸುತ್ತು ಬೇಕು, ಅಷ್ಟರಲ್ಲಿ ಪ್ರೋಟಾನ್ ಎರಡೂವರೆ ಕಿಲೋಮೀಟರ್ ಓಡಿರುತ್ತದೆ. ದಾರಿ ಉದ್ದವಾದಷ್ಟೂ ಕೊಠಡಿಯಲ್ಲಿ ಉಳಿದ ಗಾಳಿಯ ಅಣುಗಳಿಗೆ ಬಡಿದು ಕಳೆದುಹೋಗುವ ಕಣಗಳು ಹೆಚ್ಚುತ್ತವೆ. ಆದರೂ ನಿರ್ವಾತವನ್ನು ಉತ್ತಮಪಡಿಸಬಹುದು, ಆದ್ದರಿಂದ ಇದು ನಿಜವಾದ ಅಡ್ಡಿಯಲ್ಲ.

ನಿಜವಾದ ಅಡ್ಡಿ ಸಾಪೇಕ್ಷತೆಯದು. ಸುತ್ತಿನ ಕಾಲ ವೇಗವನ್ನು ಅವಲಂಬಿಸಿಲ್ಲ ಎಂದು ನಾವು ಕಲಿಸುತ್ತೇವೆ. 12 ಮೆಗಾಎಲೆಕ್ಟ್ರಾನ್‌ವೋಲ್ಟ್ ಶಕ್ತಿಯಲ್ಲಿ ಪ್ರೋಟಾನಿನ ಜಡತ್ವ ಶೇಕಡ 1.3ರಷ್ಟು ಹೆಚ್ಚಿರುತ್ತದೆ, ಸುತ್ತಿನ ಕಾಲವೂ ಅಷ್ಟೇ ಹಿಗ್ಗಿರುತ್ತದೆ. ಕಣ್ಣಿಗೆ ಅಲ್ಪವೆನಿಸುವ ಈ ವಿಳಂಬ ಸುತ್ತು ಸುತ್ತಿಗೂ ಕೂಡುತ್ತ ಹೋಗುತ್ತದೆ. ಕಣ ಸಂದಿಗೆ ತಡವಾಗಿ, ಇನ್ನೂ ತಡವಾಗಿ ಬರುತ್ತದೆ, ಕೊನೆಗೆ ವೋಲ್ಟೇಜು ದಿಕ್ಕು ಬದಲಿಸಿದ ಮೇಲೆ ಬಂದು ಗಳಿಸಿದ್ದನ್ನೇ ಕಳೆದುಕೊಳ್ಳತೊಡಗುತ್ತದೆ. ಸುತ್ತುಗಳು ಕಡಿಮೆಯಿದ್ದರೆ ಕೂಡುವ ವಿಳಂಬವೂ ಕಡಿಮೆ. ಸೂತ್ರದಿಂದ ಹೊರಗುಳಿದಿದ್ದ ವೋಲ್ಟೇಜು ಒಳಬರುವುದು ಹೀಗೆ.

ಇದಕ್ಕೊಂದು ಉಪಾಯವಿದೆ. ಆಂದೋಲಕದ ಆವೃತ್ತಿಯನ್ನು ಬೇಕೆಂದೇ ತುಸು ಕಡಿಮೆ, ನಮ್ಮ ಯಂತ್ರಕ್ಕೆ ಸುಮಾರು 15.15 ಮೆಗಾಹರ್ಟ್ಸ್, ಇಟ್ಟರೆ ಕಣ ಆರಂಭದಲ್ಲಿ ಮುಂದೋಡಿ ಸಮಯವನ್ನು ಕೂಡಿಟ್ಟುಕೊಳ್ಳುತ್ತದೆ, ಆಮೇಲೆ ಹಿಂದುಳಿಯುತ್ತ ಆ ಉಳಿತಾಯವನ್ನು ಖರ್ಚು ಮಾಡುತ್ತದೆ. ಇಷ್ಟಾದ ಮೇಲೂ, ಸಮಕ್ಷೇತ್ರದಲ್ಲಿ 12 ಮೆಗಾಎಲೆಕ್ಟ್ರಾನ್‌ವೋಲ್ಟ್ ಮುಟ್ಟಲು ಸಂದಿಯಲ್ಲಿ ಕನಿಷ್ಠ 30 ಕಿಲೋವೋಲ್ಟ್ ಬೇಕೆಂದು ಲೆಕ್ಕ ಹೇಳುತ್ತದೆ. 5 ಕಿಲೋವೋಲ್ಟ್ ಕೊಟ್ಟರೆ ಪ್ರೋಟಾನ್ ಹೆಚ್ಚೆಂದರೆ 5 ಮೆಗಾಎಲೆಕ್ಟ್ರಾನ್‌ವೋಲ್ಟ್ ಮುಟ್ಟಿ ಹಿಂದಿರುಗುತ್ತದೆ. ಶಕ್ತಿಯನ್ನು ಇಮ್ಮಡಿಗೊಳಿಸಲು ವೋಲ್ಟೇಜು ನಾಲ್ಕು ಪಟ್ಟಾಗಬೇಕು. ಈ ಮಿತಿಯನ್ನು ಬೆಥೆ ಮತ್ತು ರೋಸ್ 1937ರಲ್ಲೇ ತೋರಿಸಿದ್ದರು. ವಾಸ್ತವದಲ್ಲಿ ಅವಶ್ಯಕತೆ ಇನ್ನೂ ಹೆಚ್ಚು. ಏಕೆಂದರೆ ಕಣಗಳು ಮೇಲೆ ಕೆಳಗೆ ಚದುರದಂತೆ ಹಿಡಿದಿಡಲು ಕ್ಷೇತ್ರವನ್ನು ಅಂಚಿನತ್ತ ಸ್ವಲ್ಪ ಕುಗ್ಗಿಸಬೇಕಾಗುತ್ತದೆ, ಅದರಿಂದ ವಿಳಂಬ ಮತ್ತಷ್ಟು ಬೆಳೆಯುತ್ತದೆ.

ಕಣ ಕಳೆದುಹೋಗುತ್ತಿರುವುದು ಗಾಳಿಯಿಂದಲೋ ವಿಳಂಬದಿಂದಲೋ ಎಂದು ತಿಳಿಯಲು ಯಂತ್ರ ನಡೆಸುವವರು ಒಂದು ಲೋಹದ ಶೋಧಕವನ್ನು ಅಂಚಿನಿಂದ ಒಳಕ್ಕೆ ಸರಿಸುತ್ತ ಪ್ರವಾಹವನ್ನು ಅಳೆಯುತ್ತಾರೆ. ಪ್ರವಾಹ ಹೊರಹೊರಕ್ಕೆ ಸಾವಕಾಶವಾಗಿ ಇಳಿದಿದ್ದರೆ ನಿರ್ವಾತದ ದೋಷವಿರುವ ಸಾಧ್ಯತೆ ಹೆಚ್ಚು. ಒಂದು ನಿರ್ದಿಷ್ಟ ತ್ರಿಜ್ಯದಲ್ಲಿ ಥಟ್ಟನೆ ಬಿದ್ದು, ಡೀ ವೋಲ್ಟೇಜು ಏರಿಸಿದಾಗ ಆ ಜಾಗ ಹೊರಕ್ಕೆ ಸರಿದರೆ ಅದು ವಿಳಂಬದ ಕುರುಹು.

ನಿಮ್ಮ ವಿದ್ಯಾರ್ಥಿನಿಯ ಅನುಮಾನಕ್ಕೆ ಒಂದರ್ಥದಲ್ಲಿ ಇತಿಹಾಸದ ಬೆಂಬಲವೂ ಇದೆ. 1931ರಲ್ಲಿ ಬರ್ಕ್ಲಿಯಲ್ಲಿ ಲಾರೆನ್ಸ್ ಮತ್ತು ಲಿವಿಂಗ್‌ಸ್ಟನ್ ಅಂಗೈಯಗಲದ, ಸುಮಾರು 11 ಸೆಂಟಿಮೀಟರ್ ವ್ಯಾಸದ ಯಂತ್ರದಲ್ಲಿ 2,000 ವೋಲ್ಟಿಗಿಂತ ಕಡಿಮೆ ಕೊಟ್ಟು ಹೈಡ್ರೋಜನ್ ಅಯಾನುಗಳನ್ನು 80,000 ಎಲೆಕ್ಟ್ರಾನ್‌ವೋಲ್ಟಿಗೆ ಏರಿಸಿದರು. ಆ ಶಕ್ತಿಯಲ್ಲಿ ಸಾಪೇಕ್ಷತೆಯ ವಿಳಂಬ ಲೆಕ್ಕಕ್ಕೇ ಬರುವುದಿಲ್ಲ, ಹಾಗಾಗಿ ಪಠ್ಯದ ಸೂತ್ರ ಅಲ್ಲಿ ನಿಷ್ಠೆಯಿಂದ ಕೆಲಸ ಮಾಡಿತು. ಆದರೆ ಆ ಯಂತ್ರಕ್ಕೂ ನೂರು ವೋಲ್ಟ್ ಸಾಲುತ್ತಿರಲಿಲ್ಲ. ಮೊದಲ ಸುತ್ತುಗಳ ತ್ರಿಜ್ಯ ಅಷ್ಟು ಚಿಕ್ಕದಾದರೆ ಕಣ ತಾನು ಹುಟ್ಟಿದ ಅಯಾನು ಮೂಲಕ್ಕೇ ಮರಳಿ ಬಡಿಯುತ್ತದೆ.