ಚೇಂಬರ್ ಮುಚ್ಚಳ ತೆಗೆದು ನೋಡಿ, ಆಮೇಲೆ ಓನರ್ ಹತ್ತಿರ ಮಾತಾಡಿ

"ಮೈಸೂರಿನಲ್ಲಿ ಮೂರು ಬಾಡಿಗೆ ಮನೆಗೆ ಒಂದೇ ಕಾಂಪೌಂಡ್. ಬಚ್ಚಲ ನೀರು ಹೋಗದೆ ಅಂಗಳದಲ್ಲಿ ನಿಲ್ಲುತ್ತಿದೆ. ಓನರ್ ಅದು ಪಾಲಿಕೆ ಕೆಲಸ ಅಂತಾರೆ. ಏನು ಮಾಡಲಿ?"

ಮೊದಲು ಗೇಟಿನ ಹತ್ತಿರ ಇರುವ ಕೊನೆಯ ಚೇಂಬರ್ ಮುಚ್ಚಳ ತೆಗೆಸಿ. ಮುಖ ದೂರ ಇಟ್ಟುಕೊಳ್ಳಿ, ಗ್ಯಾಸ್ ಇರುತ್ತದೆ. ಒಳಗೆ ಯಾರೂ ಇಳಿಯಬಾರದು. ಅದು ತುಂಬಿ ನಿಂತಿದ್ದರೆ ಕಟ್ಟಿರುವುದು ಅಲ್ಲಿಂದ ಆಚೆಗೆ. ರಸ್ತೆಯ ಮ್ಯಾನ್‌ಹೋಲೂ ತುಂಬಿದ್ದರೆ ಪಾಲಿಕೆಗೆ ದೂರು ಕೊಡಿ. ಗೇಟಿನ ಚೇಂಬರ್ ಖಾಲಿ ಇದ್ದು ಹಿಂದಿನದು ತುಂಬಿದ್ದರೆ, ಅವೆರಡರ ನಡುವಿನ ಪೈಪಿನಲ್ಲೇ ತೊಂದರೆ. ಅದು ಕಾಂಪೌಂಡ್ ಒಳಗಿನದು, ಓನರೇ ಮಾಡಿಸಬೇಕು.

ನಾನಿದ್ದ ಮನೆಯಲ್ಲೂ ಹೀಗೇ ಆಗಿತ್ತು. ಎರಡು ಸಲ ರಾಡ್ ಹಾಕಿಸಿದರೂ ತಿಂಗಳೊಳಗೆ ಮತ್ತೆ ಕಟ್ಟಿತು. ಮೂರನೇ ಸಲ ರಾಡಿನ ತುದಿಗೆ ತೆಂಗಿನ ನಾರಿನಂಥ ಬೇರಿನ ಗೊಂಚಲು ಸುತ್ತಿಕೊಂಡು ಬಂತು. ಹಳೇ ಮಣ್ಣಿನ ಪೈಪಿನ ಜಾಯಿಂಟ್ ಬಿಟ್ಟು, ಪಕ್ಕದ ಮರದ ಬೇರು ಒಳಗೆ ನುಗ್ಗಿತ್ತು. ಇಂಥ ಕಡೆ ರಾಡ್ ಹೊಡೆಸಿದರೆ ಸಾಲದು. ಆ ಭಾಗ ಅಗೆದು ಪಿವಿಸಿ ಪೈಪ್ ಹಾಕಿಸಬೇಕು. ಕೊಂಬೆ ಕಡಿಸಿದರೆ ಬೀಳುವ ಎಲೆ ಕಡಿಮೆಯಾಗುತ್ತದೆ, ಬೇರು ಹೋಗುವುದಿಲ್ಲ.

ಎರಡೂ ಚೇಂಬರ್ ಫೋಟೋ ತೆಗೆದು ಓನರಿಗೆ ವಾಟ್ಸಾಪ್ ಮಾಡಿ. "ಸರ್, ಗೇಟಿನ ಚೇಂಬರ್ ಖಾಲಿ ಇದೆ, ಹಿಂದಿನದು ತುಂಬಿದೆ. ಭಾನುವಾರದೊಳಗೆ ಪ್ಲಂಬರ್ ಕಳಿಸ್ತೀರಾ? ಇಲ್ಲಾಂದ್ರೆ ನಾವೇ ಕರೆಸಿ ಬಿಲ್ ಕೊಡ್ತೀವಿ, ಬಾಡಿಗೇಲಿ ಹಿಡ್ಕೊಳ್ಳೋದಕ್ಕೆ ಒಪ್ಪಿಗೆನಾ?" ಅಂತ ಕೇಳಿ. ಮೂರೂ ಮನೆಯವರು ಸೇರಿ ಕಳಿಸಿ. ಅವರು ಬರವಣಿಗೆಯಲ್ಲಿ ಒಪ್ಪುವವರೆಗೆ ಬಾಡಿಗೆ ಮಾತ್ರ ಕಡಿಮೆ ಕೊಡಬೇಡಿ, ಸುಮ್ನೆ ಜಗಳ ಅದರ ಕಡೆಗೆ ತಿರುಗುತ್ತದೆ.