ಕಂಪ್ಯೂಟರ್ ಮುಂದಿನ ಊಟ ಮತ್ತು ಒಂಬತ್ತರ ಲೆಕ್ಕ

ಪ್ರಶ್ನೆ: ಬೇಗ ಮನೆಗೆ ಹೋಗಬಹುದೆಂದು ದಿನವೂ ಕುಳಿತ ಜಾಗದಲ್ಲೇ ಕೆಲಸ ಮಾಡುತ್ತಾ ಊಟ ಮಾಡುತ್ತೇನೆ. ಮೂರು ಗಂಟೆಯ ಹೊತ್ತಿಗೆ ತಲೆ ಓಡುವುದಿಲ್ಲ, ಎಲ್ಲರ ಮೇಲೂ ಸಿಡುಕುತ್ತೇನೆ. ಅರ್ಧ ಗಂಟೆ ಎದ್ದು ಹೋದರೆ ನಿಜಕ್ಕೂ ವ್ಯತ್ಯಾಸವಾಗುತ್ತದೆಯೇ?

ನನಗೆ ಆಗಿದೆ. ನಾನು ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ಮೂರು ವರ್ಷ ಎಡಗೈಯಲ್ಲಿ ಮೌಸ್, ಬಲಗೈಯಲ್ಲಿ ಚಿತ್ರಾನ್ನದ ಚಮಚ ಹಿಡಿದು ಖರೀದಿ ಬಿಲ್ಲುಗಳನ್ನು ಜಿಎಸ್‌ಟಿ ಜಾಲತಾಣದ GSTR-2B ಪಟ್ಟಿಯ ಜೊತೆ ತಾಳೆ ನೋಡಿದವನು.

ನಮ್ಮ ಕೆಲಸದಲ್ಲಿ ಒಂದು ಹಳೆಯ ಉಪಾಯವಿದೆ. ಎರಡು ಮೊತ್ತಗಳ ವ್ಯತ್ಯಾಸ ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ, ಯಾರೋ ಅಂಕಿಗಳನ್ನು ಅದಲುಬದಲು ಮಾಡಿದ್ದಾರೆಂದು ಅನುಮಾನಿಸಬೇಕು. 45,600 ಎಂಬುದನ್ನು 46,500 ಎಂದು ಬರೆದರೆ ವ್ಯತ್ಯಾಸ 900. ಒಂದು ತಿಂಗಳ ಕೊನೆಯಲ್ಲಿ ಇಂಥ ತಪ್ಪುಗಳನ್ನು ಹುಡುಕುತ್ತಾ ಕುಳಿತಾಗ, ಅವುಗಳಲ್ಲಿ ಹೆಚ್ಚಿನವು ಮಧ್ಯಾಹ್ನ ಎರಡರಿಂದ ನಾಲ್ಕರೊಳಗೆ ನಾನೇ ನಮೂದಿಸಿದವು ಎಂಬುದು ಕಂಡಿತು. ಊಟದ ಹೊತ್ತಿನಲ್ಲಿ ಉಳಿಸಿದ ಅರ್ಧ ಗಂಟೆಯನ್ನು ಸಂಜೆ ತಪ್ಪು ಹುಡುಕುವುದರಲ್ಲಿ ಕಳೆಯುತ್ತಿದ್ದೆ, ಅದೂ ಬಡ್ಡಿಸಮೇತ.

ಮೂರು ಗಂಟೆಯ ಮಂಕಿಗೆ ಊಟವೊಂದನ್ನೇ ದೂರಬೇಡಿ. ನಡುಮಧ್ಯಾಹ್ನ ಎಚ್ಚರ ಸ್ವಲ್ಪ ಇಳಿಯುವುದು ದೇಹದ ಗಡಿಯಾರದ ಸ್ವಭಾವ, ಉಪವಾಸವಿದ್ದರೂ ಇಳಿಯುತ್ತದೆ. ಹೊಟ್ಟೆ ಬಿರಿಯ ಅನ್ನ ಉಂಡರೆ ಇನ್ನಷ್ಟು ಭಾರ, ಅಷ್ಟೇ. ಎದ್ದು ಹೋದರೂ ಇದು ಪೂರ್ತಿ ಮಾಯವಾಗುವುದಿಲ್ಲ. ಆದರೆ ಬೆಳಗಿನಿಂದ ಹೊತ್ತ ಹೊರೆಯನ್ನು ಇಳಿಸದೆಯೇ ಆ ಇಳಿಜಾರಿಗೆ ಕಾಲಿಡುವುದು ತಪ್ಪುತ್ತದೆ.

ಹೊರೆ ಎಂದದ್ದು ಸುಮ್ಮನೆ ಅಲ್ಲ. ಅರ್ಧಕ್ಕೆ ಬಿಟ್ಟ ಕೆಲಸದ ಒಂದು ತುಣುಕು ಮುಂದಿನ ಕೆಲಸಕ್ಕೆ ಹೋದಮೇಲೂ ಮನಸ್ಸಿನಲ್ಲಿ ಅಂಟಿಕೊಂಡಿರುತ್ತದೆ. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ಇದನ್ನು ಗಮನದ ಶೇಷ ಎಂಬರ್ಥದ ಹೆಸರಿನಿಂದ ಕರೆದರು. ಮುಂದೆ ಅವರೇ ಸಹೋದ್ಯೋಗಿಯೊಬ್ಬರೊಂದಿಗೆ ಕಂಡುಕೊಂಡ ಪರಿಹಾರ ಬಹಳ ಸರಳವಾದದ್ದು: ಕೆಲಸ ಬಿಡುವ ಮೊದಲು ಎಲ್ಲಿಗೆ ನಿಂತಿದೆ, ಮರಳಿ ಬಂದು ಏನು ಮಾಡಬೇಕು ಎಂದು ಒಂದು ನಿಮಿಷ ಬರೆದಿಡುವುದು. ನನ್ನ ಚೀಟಿ ಹೀಗಿರುತ್ತದೆ: ‘ಸಿಮೆಂಟ್ ಅಂಗಡಿಯ 14 ಬಿಲ್ಲುಗಳಲ್ಲಿ 9 ಮುಗಿದಿವೆ. ಹತ್ತನೆಯದರಲ್ಲಿ ತೆರಿಗೆ ಹೊಂದುತ್ತಿಲ್ಲ, ಮೂಲ ಪ್ರತಿ ನೋಡಬೇಕು.’ ಈ ಚೀಟಿ ಇಲ್ಲದೆ ಎದ್ದ ದಿನ ಹತ್ತನೆಯ ಬಿಲ್ಲು ನನ್ನ ಜೊತೆಗೇ ಊಟಕ್ಕೆ ಬರುತ್ತದೆ.

ನಾಲ್ಕು ಗಂಟೆಗೆ ಬೇಕರಿಯ ಕಡೆ ಕಾಲು ಎಳೆಯುತ್ತದೆಯೇ? ಅದಕ್ಕೂ ಕಾರಣವಿದೆ. ಬ್ರಿಸ್ಟಲ್ ವಿಶ್ವವಿದ್ಯಾಲಯದವರು 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವರು ಕಂಪ್ಯೂಟರ್‌ನಲ್ಲಿ ಇಸ್ಪೀಟು ಆಡುತ್ತಾ ಊಟ ಮಾಡಿದರು, ಉಳಿದವರು ಅದೇ ಊಟವನ್ನು ಸುಮ್ಮನೆ ಕುಳಿತು ಮಾಡಿದರು. ಆಡುತ್ತಾ ಉಂಡವರಿಗೆ ಹೊಟ್ಟೆ ತುಂಬಿದ ಭಾವ ಕಡಿಮೆ. ಅರ್ಧ ಗಂಟೆಯ ನಂತರ ಬಿಸ್ಕತ್ತು ಕೊಟ್ಟಾಗ ಅವರೇ ಹೆಚ್ಚು ತಿಂದರು, ಏನೇನು ಉಂಡೆವೆಂಬುದೂ ಅವರಿಗೆ ಸರಿಯಾಗಿ ನೆನಪಿರಲಿಲ್ಲ. ಗಮನವಿಟ್ಟು ಉಣ್ಣದಿದ್ದರೆ ಊಟದ ನೆನಪೇ ಸರಿಯಾಗಿ ಕೂರುವುದಿಲ್ಲ. ಅಮ್ಮ ಫೋನಿನಲ್ಲಿ ‘ಇವತ್ತು ಊಟಕ್ಕೆ ಏನಿತ್ತು?’ ಎಂದು ಕೇಳಿದಾಗ ನಾನು ತಡವರಿಸುತ್ತಿದ್ದದ್ದು ಸುಮ್ಮನೆ ಅಲ್ಲ.

ಈಗ ಒಂದೂಕಾಲಕ್ಕೆ ಚೀಟಿ ಬರೆದು, ಮೊಬೈಲನ್ನು ಡ್ರಾಯರ್‌ನಲ್ಲಿ ಬಿಟ್ಟು, ಕಚೇರಿಯ ಹಿಂದಿನ ಹೊಂಗೆ ಮರದ ಕಟ್ಟೆಗೆ ಹೋಗುತ್ತೇನೆ. ಇಪ್ಪತ್ತು ನಿಮಿಷ ಊಟ, ಹತ್ತು ನಿಮಿಷ ನಡಿಗೆ. ಮೊದಲ ವಾರ ಮೊಬೈಲು ಕೈಯಲ್ಲೇ ಇತ್ತು. ಕಚೇರಿಯ ವಾಟ್ಸಾಪ್ ಗುಂಪು ಕಟ್ಟೆಯ ಮೇಲೂ ನನ್ನನ್ನು ಬಿಡಲಿಲ್ಲ, ಏನೂ ಬದಲಾಗಲೂ ಇಲ್ಲ. ಮೊಬೈಲು ಬಿಟ್ಟು ಬಂದ ಮೇಲೆ ಸಿಡುಕು ಮೊದಲು ಇಳಿಯಿತು, ಅಂಕಿಗಳ ಅದಲುಬದಲು ಆಮೇಲೆ ನಿಧಾನವಾಗಿ ಕಡಿಮೆಯಾಯಿತು. ಪೂರ್ತಿ ನಿಂತಿಲ್ಲ.

ಒಂದು ಎಚ್ಚರಿಕೆ. ಸಹೋದ್ಯೋಗಿಗಳ ಜೊತೆ ಉಂಡರೆ ತಾನಾಗಿ ವಿಶ್ರಾಂತಿಯಾಗುತ್ತದೆಂದು ಭಾವಿಸಬೇಡಿ. ಜಾನ್ ಟ್ರೂಗಾಕೋಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಡುವಿನಲ್ಲಿ ಏನು ಮಾಡಬೇಕೆಂಬ ಆಯ್ಕೆ ತಮ್ಮದಲ್ಲದಿದ್ದಾಗ ಹರಟೆ ಕೂಡ ಜನರನ್ನು ದಣಿಸಿತ್ತು. ಆಯ್ಕೆ ತಮ್ಮದೇ ಆಗಿದ್ದರೆ ಊಟದ ಹೊತ್ತಿನ ಕೆಲಸವೂ ಅಷ್ಟು ದಣಿಸಲಿಲ್ಲ. ಮೇಲಧಿಕಾರಿ ಎದುರು ಕುಳಿತು ಬಾಕಿ ಪಟ್ಟಿ ಓದುವ ಊಟಕ್ಕಿಂತ ಒಬ್ಬರೇ ಕಟ್ಟೆಯ ಮೇಲೆ ಕೂರುವುದು ಎಷ್ಟೋ ಮೇಲು ಎಂದು ನಾನು ಹೇಳುವುದು ಇದಕ್ಕೇ.

ತಿಂಗಳ ಜಿಎಸ್‌ಟಿ ವಿವರಪಟ್ಟಿಯಾದ GSTR-3B ಸಲ್ಲಿಸುವ 20ನೇ ತಾರೀಖು ಬಂದಾಗ ನಾನೂ ಕಂಪ್ಯೂಟರ್ ಮುಂದೆಯೇ ಉಣ್ಣುತ್ತೇನೆ. ಅವತ್ತು ಸಂಜೆ ಐದಕ್ಕೆ ಎಲ್ಲ ಮೊತ್ತಗಳನ್ನೂ ಮತ್ತೊಬ್ಬರಿಂದ ಓದಿಸದೆ ಕಳುಹಿಸುವುದಿಲ್ಲ.