ಏಳನೇ ವರ್ಷದಿಂದ ಬರುವ ಫಸಲಿಗೆ ಆನ್ಯುಯಿಟಿ ಸೂತ್ರ ಹೇಗೆ ಹಾಕುವುದು?

ಪ್ರಶ್ನೆ: ಶಿರಸಿ ಹತ್ತಿರ ಹೊಸ ಅಡಿಕೆ ತೋಟ ಎಬ್ಬಿಸಬೇಕು ಅಂತಿದ್ದೇನೆ. ಈಗ 2,50,000 ರೂ. ಖರ್ಚು, ಆಮೇಲೆ ಆರು ವರ್ಷ ವರ್ಷಕ್ಕೆ 40,000. ಏಳನೇ ವರ್ಷದಿಂದ 30 ವರ್ಷ, ಖರ್ಚು ಕಳೆದು ವರ್ಷಕ್ಕೆ 1,00,000 ಬರುತ್ತದೆ ಅಂತ ಅಂದಾಜು. ಬಡ್ಡಿ 9%. ಸೂತ್ರದಲ್ಲಿ ಹಾಕಿದರೆ ಆದಾಯದ ಇಂದಿನ ಬೆಲೆ 10.27 ಲಕ್ಷ ಬರುತ್ತದೆ. ಎಕ್ಸೆಲ್‌ನಲ್ಲಿ ಒಂದೊಂದೇ ವರ್ಷ ಬರೆದು ಕೂಡಿದರೆ 6.13 ಲಕ್ಷ. ಯಾವುದು ಸರಿ? ಸೂತ್ರವೇ ತಪ್ಪೋ?

ಉತ್ತರ:

ಎಕ್ಸೆಲ್ ಸರಿ. ಸೂತ್ರವೂ ಸರಿ, ಆದರೆ ಅದು ಕೊಟ್ಟ 10.27 ಲಕ್ಷ ಇವತ್ತಿನ ಬೆಲೆ ಅಲ್ಲ. ಅದು ಯಾವ ದಿನದ ಬೆಲೆ ಎಂಬಲ್ಲೇ ತಪ್ಪಾಗಿದೆ.

ಸೂತ್ರ ಎಲ್ಲಿಂದ ಬಂತು ಅಂತ ಒಮ್ಮೆ ನೋಡಿದರೆ ಮುಂದೆ ಗೊಂದಲ ಆಗುವುದಿಲ್ಲ. ವರ್ಷಕ್ಕೆ 1,00,000 ರೂ. ಎಂದೆಂದಿಗೂ ಬರುತ್ತಿರಬೇಕು ಅಂದುಕೊಳ್ಳಿ. 9% ಬಡ್ಡಿಗೆ 11,11,111 ರೂ. ಠೇವಣಿ ಇಟ್ಟರೆ ಸಾಕು: ಬಡ್ಡಿ ತಿನ್ನುತ್ತಾ ಹೋಗಬಹುದು, ಅಸಲು ಹಾಗೇ ಇರುತ್ತದೆ. ನಿಮಗೆ ಬೇಕಾದ್ದು 30 ವರ್ಷ ಮಾತ್ರ. ಅಂದರೆ 30 ವರ್ಷ ಮುಗಿದ ದಿನ ಆ ಅಸಲು ನಿಮ್ಮ ಲೆಕ್ಕಕ್ಕೆ ಸೇರದೆ ಉಳಿಯುತ್ತದೆ. 30 ವರ್ಷದ ಆಚೆಗಿನ ಆ 11,11,111 ರೂಪಾಯಿಗೆ ಠೇವಣಿ ಇಟ್ಟ ದಿನದ ಬೆಲೆ ಎಷ್ಟು? 1.09ನ್ನು 30 ಸಲ ಗುಣಿಸಿದರೆ 13.2677, ಅದರಿಂದ ಭಾಗಿಸಿದರೆ 83,746. ಇದನ್ನು ಮೊದಲಿನ ಅಸಲಿನಿಂದ ಕಳೆದರೆ 10,27,365. ಸಮ ಕಂತುಗಳಿಗೆ ಹಾಕುವ ಆನ್ಯುಯಿಟಿ ಸೂತ್ರ ಅಂದರೆ ಇಷ್ಟೇ:

```
PV = C × (1 − (1 + r)^−n) / r
```

ಇಲ್ಲಿ `C` ವರ್ಷದ ಮೊತ್ತ, `r` ಬಡ್ಡಿ ದರ, `n` ಕಂತುಗಳ ಸಂಖ್ಯೆ.

ಈಗ ಠೇವಣಿಯ ಕಡೆ ಮತ್ತೊಮ್ಮೆ ನೋಡಿ. ಇಟ್ಟ ದಿನವೇ ಬಡ್ಡಿ ಬರುವುದಿಲ್ಲ, ಒಂದು ವರ್ಷ ಕಾಯಬೇಕು. ಹಾಗಾಗಿ ಸೂತ್ರದ ಉತ್ತರ ಯಾವಾಗಲೂ ಮೊದಲ ಕಂತಿಗಿಂತ ಒಂದು ವರ್ಷ ಹಿಂದಿನ ಬೆಲೆ. ನಿಮ್ಮ ಮೊದಲ ಕಂತು ಏಳನೇ ವರ್ಷದ ಕೊನೆಗೆ. ಆದ್ದರಿಂದ 10,27,365 ಆರನೇ ವರ್ಷದ ಕೊನೆಯ ಬೆಲೆ. ಅದನ್ನು ಇವತ್ತಿಗೆ ತರಲು ಇನ್ನೂ ಆರು ವರ್ಷ ಹಿಂದಕ್ಕೆ ಎಳೆಯಬೇಕು: 1.09ರ ಆರನೇ ಘಾತ 1.6771, ಭಾಗಿಸಿದರೆ 6,12,584. ನಿಮ್ಮ ಎಕ್ಸೆಲ್ ಹೇಳಿದ್ದೂ ಇದನ್ನೇ.

ಇಲ್ಲಿ ಹೆಚ್ಚಿನವರು ಎಡವುವುದು "ಏಳನೇ ವರ್ಷದಿಂದ ಶುರು, ಹಾಗಾದರೆ ಏಳು ವರ್ಷ ಹಿಂದಕ್ಕೆ" ಅಂದುಕೊಂಡು. ಹಾಗೆ ಮಾಡಿದರೆ 5,62,004 ಬರುತ್ತದೆ, 50,580 ರೂ. ಕಡಿಮೆ. ಈ ತಪ್ಪನ್ನು ಗುರುತಿಸುವುದು ಸುಲಭ: ಎರಡು ಉತ್ತರಗಳ ನಡುವೆ ಸರಿಯಾಗಿ ಒಂದು ವರ್ಷದ ಬಡ್ಡಿಯಷ್ಟೇ, ಅಂದರೆ 9% ಅಂತರ ಇದ್ದರೆ ಎಲ್ಲೋ ಒಂದು ವರ್ಷ ಹೆಚ್ಚು ಕಡಿಮೆ ಎಣಿಸಿದ್ದೀರಿ. ಮಳಿಗೆ ಬಾಡಿಗೆಯ ಹಾಗೆ ವರ್ಷದ ಆರಂಭದಲ್ಲೇ ಕೈಗೆ ಬರುವ ಹಣಕ್ಕೂ ಇದೇ ನಿಯಮ. ಅಲ್ಲಿ ಮೊದಲ ಕಂತು ಇವತ್ತೇ, ಸೂತ್ರದ ಉತ್ತರ ಹೋದ ವರ್ಷದ್ದು. ಹಾಗಾಗಿ ಅದನ್ನು 1.09ರಿಂದ ಗುಣಿಸಬೇಕು.

ತಾಳೆ ನೋಡಲು ಇನ್ನೊಂದು ದಾರಿ ಇದೆ. ನನಗಂತೂ ಇದೇ ಹೆಚ್ಚು ಇಷ್ಟ, ಯಾಕೆಂದರೆ ವರ್ಷ ಎಣಿಸುವ ಕಷ್ಟ ಇಲ್ಲ. ಮೊದಲ ವರ್ಷದಿಂದಲೇ 36 ವರ್ಷ ಫಸಲು ಬಂತು ಅಂತ ಲೆಕ್ಕ ಹಾಕಿ, ಫಸಲು ಬಾರದ ಮೊದಲ ಆರು ವರ್ಷವನ್ನು ಕಳೆದುಬಿಡಿ. ಸೂತ್ರದಲ್ಲಿ `C` ಬಿಟ್ಟು ಉಳಿದ ಭಾಗವೇ ಗುಣಕ: 9%ಗೆ 36 ವರ್ಷದ್ದು 10.6118, ಆರು ವರ್ಷದ್ದು 4.4859. ವ್ಯತ್ಯಾಸ 6.1258, ಲಕ್ಷಕ್ಕೆ ಅದೇ 6.13.

ಆ 4.4859 ಖರ್ಚಿನ ಕಡೆಗೂ ಬೇಕು. ಆರು ವರ್ಷದ 40,000 ಕೂಡ ಸಮ ಕಂತೇ: 40,000 × 4.4859 = 1,79,437. ಈಗಿನ 2,50,000 ಸೇರಿಸಿದರೆ ಒಟ್ಟು ಖರ್ಚಿನ ಇಂದಿನ ಬೆಲೆ 4,29,437. ಆದಾಯ 6,12,584ರಿಂದ ಕಳೆದರೆ ಉಳಿಯುವುದು 1,83,147. ನಿಮ್ಮ 10.27 ಲಕ್ಷ ಹಿಡಿದಿದ್ದರೆ ಸುಮಾರು ಆರು ಲಕ್ಷ ಲಾಭ ಕಾಣುತ್ತಿತ್ತು.

ಎಕ್ಸೆಲ್‌ನಲ್ಲಿ ಆದಾಯದ ಭಾಗ ಒಂದೇ ಸಾಲು:

```
=PV(9%,30,-100000)/1.09^6
```

ಮೊತ್ತದ ಮುಂದಿನ ಮೈನಸ್ ಮರೆತರೆ ಉತ್ತರ ಋಣವಾಗಿ ಬರುತ್ತದೆ. `NPV` ಬಳಸುವುದಾದರೆ ಇವತ್ತಿನ 2,50,000ವನ್ನು ಅದರ ಆವರಣದ ಒಳಗೆ ಹಾಕಬೇಡಿ. ಒಳಗಿನ ಮೊದಲ ಸಂಖ್ಯೆಯನ್ನು ಅದು ಒಂದು ವರ್ಷದ ನಂತರದ್ದು ಅಂತಲೇ ತಿಳಿಯುತ್ತದೆ.

ಇನ್ನು ನಿಮ್ಮ ಅಂದಾಜಿನ ಬಗ್ಗೆ. ಏಳನೇ ವರ್ಷಕ್ಕೇ ಪೂರ್ತಿ ಫಸಲು ಅನ್ನುವುದು ಸ್ವಲ್ಪ ಉದಾರವಾಯಿತು. ಎಳೆ ಮರ ಮೊದಲ ಒಂದೆರಡು ಕೊಯ್ಲಿಗೆ ಪೂರ್ತಿ ಕೊನೆ ಬಿಡುವುದಿಲ್ಲ. ಅದಕ್ಕಾಗಿ ಸೂತ್ರ ಬಿಡಬೇಕಿಲ್ಲ, ಕಡಿಮೆ ಬಿದ್ದಷ್ಟನ್ನು ಮಾತ್ರ ಕೈಯಲ್ಲಿ ಕಳೆಯಿರಿ. ಏಳು, ಎಂಟನೇ ವರ್ಷ ಅರ್ಧ ಫಸಲು ಅಂದರೆ ತಲಾ 50,000 ಖೋತಾ. ಇಂದಿನ ಬೆಲೆಯಲ್ಲಿ 27,352 ಮತ್ತು 25,093. ಉಳಿಕೆ 1,30,702ಕ್ಕೆ ಇಳಿಯುತ್ತದೆ. ಕೊಳೆರೋಗದ ವರ್ಷವನ್ನೂ ಹೀಗೇ ನೋಡಬಹುದು. ಆದರೆ ಅದು ಯಾವಾಗ ಬರುತ್ತದೆ ಎಂಬುದರ ಮೇಲೆ ಪೆಟ್ಟು ನಿಂತಿದೆ: ಏಳನೇ ವರ್ಷದ ಫಸಲು ಪೂರ್ತಿ ಹೋದರೆ 54,703 ರೂ. ನಷ್ಟ, 36ನೇ ವರ್ಷದ್ದು ಹೋದರೆ ಬರೀ 4,494. ಹಾಗಾಗಿ "30 ವರ್ಷವೋ 40 ವರ್ಷವೋ" ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಮೊದಲ ಐದಾರು ಕೊಯ್ಲಿನ ಅಂದಾಜು ಗಟ್ಟಿ ಮಾಡಿಕೊಳ್ಳಿ.

ಬಡ್ಡಿ ದರ ಅದಕ್ಕಿಂತಲೂ ಸೂಕ್ಷ್ಮ. ಪೂರ್ತಿ ಫಸಲು ಅಂತಲೇ ಹಿಡಿದು 12% ಹಾಕಿ ನೋಡಿ: ಆದಾಯ 4,08,101, ಖರ್ಚು 4,14,456. ಲಾಭ ಹೋಗಿ 6,355 ರೂ. ನಷ್ಟ. ಅಂದರೆ 12%ಗೆ ಸಾಲ ತಂದು ಮಾಡಿದರೆ ಈ ತೋಟ ಅಸಲು ಬಡ್ಡಿಯನ್ನೂ ಪೂರ್ತಿ ಎತ್ತುವುದಿಲ್ಲ.

ಕೊನೆಯದಾಗಿ, ನಿಮ್ಮ 1,00,000 ಯಾವ ರೂಪಾಯಿ ಅಂತ ತೀರ್ಮಾನಿಸಿ. ಈಗಿನ ಅಡಿಕೆ ದರ, ಈಗಿನ ಕೂಲಿ ಹಿಡಿದು ಅದನ್ನೇ 30 ವರ್ಷ ಬರೆದಿದ್ದರೆ ಅದರಲ್ಲಿ ಬೆಲೆ ಏರಿಕೆ ಸೇರಿಲ್ಲ. ಬ್ಯಾಂಕಿನ 9%ನಲ್ಲಿ ಸೇರಿದೆ. ಎರಡನ್ನೂ ಬೆರೆಸಿದರೆ ತೋಟ ಇದ್ದದ್ದಕ್ಕಿಂತ ಬಡವಾಗಿ ಕಾಣುತ್ತದೆ. ದರವೂ ಕೂಲಿಯೂ ವರ್ಷಕ್ಕೆ 5% ಏರುತ್ತವೆ ಅಂತ ನಿಮಗೆ ಅನ್ನಿಸಿದರೆ 1.09ನ್ನು 1.05ರಿಂದ ಭಾಗಿಸಿ ಬರುವ 3.81% ಹಾಕಿ, ಮೊತ್ತವನ್ನು ಈಗಿನ ಬೆಲೆಯಲ್ಲೇ ಬಿಡಿ. ಏರಿಕೆಯ ಅಂದಾಜಿನ ಮೇಲೆ ನಂಬಿಕೆ ಇಲ್ಲದಿದ್ದರೆ 9%ನಲ್ಲೇ ಇರಿ. ಬ್ಯಾಂಕಿಗೆ ಕೊಡುವ ವರದಿಯಲ್ಲಿ ಎರಡರಲ್ಲಿ ಯಾವುದನ್ನು ಹಿಡಿದಿದ್ದೀರಿ ಅಂತ ಒಂದು ಸಾಲು ಬರೆದಿಡಿ.